ಕರಿಬೇವಿನ ಗಿಡ ಪುಣೆ ಸೇರಿದ ಬಗೆ

ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ವಿಜಯನಗರದ ಮನೆ ಖಾಲಿ ಮಾಡಿ ಪುಣೆಗೆ ಹೊರಟಾಗ ನಮ್ಮ ತಾರಸಿಯಲ್ಲಿ 26 ಕುಂಡಗಳಿದ್ದವು. ಸಾಮಾನು ನೋಡಿ ದರ ಹೇಳಲು ಬಂದ ಪ್ಯಾಕರ್ಸ್ ಹುಡುಗ ಮಂಚ, ಬೀರು, ಫ್ರಿಜ್ ಎಲ್ಲವನ್ನೂ ಬರೆದುಕೊಂಡು ಕೊನೆಗೆ ತಾರಸಿಗೆ ಬಂದ. "ಗಿಡ ಬೇಕಾದ್ರೆ ಹಾಕ್ತೀವಿ ಸಾರ್, ಆದ್ರೆ ಜವಾಬ್ದಾರಿ ನಮ್ದಲ್ಲ. ಇನ್ಶೂರೆನ್ಸಿಗೂ ಬರಲ್ಲ" ಎಂದ. ಅವನ ಮಾತು ನ್ಯಾಯವಾದದ್ದೇ. ಮನೆಸಾಮಾನು ಸಾಗಿಸುವ ಲಾರಿ ಎಂದರೆ ನಾಲ್ಕು ಕಡೆ ಮುಚ್ಚಿದ ತಗಡಿನ ಪೆಟ್ಟಿಗೆ. ಬೇರೆಯವರ ಸಾಮಾನೂ ಜೊತೆಗಿದ್ದರೆ ಎಲ್ಲೆಲ್ಲೋ ನಿಂತು ಮೂರು ನಾಲ್ಕು ದಿನಕ್ಕೆ ತಲುಪುತ್ತದೆ. ಬೇಸಿಗೆಯ ಬಿಸಿಲಲ್ಲಿ ನಿಂತ ಆ ಪೆಟ್ಟಿಗೆಯೊಳಗಿನ ಕಾವಿಗೆ ಎಳೆ ಎಲೆಗಳು ಬೆಂದೇ ಹೋಗುತ್ತವೆ.

ಆರು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದಾಗ ನಾನು ಇದಕ್ಕಿಂತ ದೊಡ್ಡ ತಪ್ಪು ಮಾಡಿದ್ದೆ. ದಾರಿಯಲ್ಲಿ ಬಾಯಾರದಿರಲಿ ಎಂದು ಹೊರಡುವ ದಿನ ಬೆಳಿಗ್ಗೆ ಎಲ್ಲ ಕುಂಡಕ್ಕೂ ತುಂಬಾ ನೀರು ಹಾಕಿದ್ದೆ. ಕೆಸರಾದ ಮಣ್ಣು ಲಾರಿಯ ಪ್ರತಿ ಕುಲುಕಿಗೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜರುಗಿತು. ಬೆಂಗಳೂರಿನಲ್ಲಿ ಇಳಿಸಿದಾಗ ಗಿಡಗಳು ಹಸಿರಾಗಿಯೇ ಇದ್ದವು. ಹತ್ತು ದಿನ ಕಳೆಯುವಷ್ಟರಲ್ಲಿ ಒಂದೊಂದಾಗಿ ಒಣಗಿದವು. ಆಮೇಲೆ ನಮ್ಮ ಬಡಾವಣೆಯ ನರ್ಸರಿಯ ಹಿರಿಯರೊಬ್ಬರು ಕಾರಣ ಹೇಳಿದರು: "ಎರಡು ದಿನ ನೀರಿಲ್ಲದಿದ್ರೆ ಗಿಡಕ್ಕೆ ಏನೂ ಆಗಲ್ಲ ಸ್ವಾಮಿ. ಮಣ್ಣಿನೊಳಗೆ ಬೇರು ಅಲ್ಲಾಡಿದ್ರೆ ಮಾತ್ರ ಕಷ್ಟ."

ಗಿಡ ನೀರು ಕುಡಿಯುವುದು ದಪ್ಪ ಬೇರಿನಿಂದಲ್ಲ. ಬೇರಿನ ತುದಿಯ ಹತ್ತಿರ ಕೂದಲಿಗಿಂತ ನವುರಾದ ಎಳೆಗಳಿರುತ್ತವೆ. ಅವು ಮಣ್ಣಿನ ಕಣಗಳಿಗೆ ಅಂಟಿಕೊಂಡು ತೇವ ಹೀರುತ್ತವೆ. ಮಣ್ಣಿನ ಹೆಂಟೆ ಒಡೆದರೆ, ಜರುಗಿದರೆ, ಮೊದಲು ಹರಿಯುವುದು ಇವೇ. ಎಲೆಯಲ್ಲಿ ಉಳಿದ ನೀರಿನಿಂದ ಗಿಡ ಕೆಲವು ದಿನ ಚೆನ್ನಾಗಿಯೇ ಕಾಣುತ್ತದೆ. ಪ್ರಯಾಣದ ಪೆಟ್ಟು ವಾರ ಕಳೆದ ಮೇಲೆ ಗೊತ್ತಾಗುವುದು ಇದರಿಂದಲೇ. ಗೋದಾವರಿ ತೀರದ ಕಡಿಯಂ ನರ್ಸರಿಗಳಿಂದ ನಮ್ಮೂರುಗಳಿಗೆ ಲಾರಿಗಟ್ಟಲೆ ಬರುವ ಗಿಡಗಳನ್ನು ಗಮನಿಸಿ. ಹೆಚ್ಚಿನವು ಕುಂಡದಲ್ಲಿ ಬರುವುದಿಲ್ಲ, ಬೇರಿನ ಹೆಂಟೆಯನ್ನು ಬಿಗಿಯಾಗಿ ಹಿಡಿದ ಪಾಲಿಥಿನ್ ಚೀಲದಲ್ಲಿ ಬರುತ್ತವೆ.

ಈ ಸಲ ಗಿಡಗಳನ್ನು ನಮ್ಮ ಕಾರಿನಲ್ಲೇ ಒಯ್ಯುವುದೆಂದು ತೀರ್ಮಾನಿಸಿ ಮೊದಲು ತೂಕದ ಲೆಕ್ಕ ಹಾಕಿದೆ. 12 ಇಂಚಿನ ಕುಂಡದಲ್ಲಿ ಸುಮಾರು 15 ಲೀಟರಿನಷ್ಟು ಮಣ್ಣು ಹಿಡಿಯುತ್ತದೆ. ನೆನೆದ ಕೆಂಪುಮಣ್ಣಾದರೆ ಅದೊಂದೇ 25 ಕೆ.ಜಿ. ಆಸುಪಾಸು. ಹಿಂದಿನ ಸೀಟು ಮಡಚಿದರೂ ಸಣ್ಣ ಕಾರಿಗೆ ಅಂಥ ಕುಂಡ ಎರಡು ಮೂರಕ್ಕಿಂತ ಹೆಚ್ಚು ಹೇರುವುದು ಸರಿಯಲ್ಲ. ಹಾಗಾಗಿ 26ರಲ್ಲಿ ಒಂಬತ್ತು ಮಾತ್ರ ಗಿಡವಾಗಿಯೇ ಹೊರಟವು. ದಾಸವಾಳ, ದೊಡ್ಡಪತ್ರೆ, ಮನಿಪ್ಲಾಂಟ್, ಬ್ರಹ್ಮಕಮಲ ಇವೆಲ್ಲ ಕಡ್ಡಿಯಿಂದಲೋ ಎಲೆಯಿಂದಲೋ ಮತ್ತೆ ಹುಟ್ಟುವಂಥವು. ದಾಸವಾಳದ ಪೆನ್ಸಿಲ್ ಗಾತ್ರದ, ಗೇಣುದ್ದದ ಕಡ್ಡಿಗಳನ್ನು ಕತ್ತರಿಸಿ, ಎಲೆ ತೆಗೆದು, ಒದ್ದೆ ಮಾಡಿ ಹಿಂಡಿದ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಮೂರು ನಾಲ್ಕು ದಿನ ತಡೆಯುತ್ತವೆ. ಅಡೇನಿಯಂ ಇನ್ನೂ ಸುಲಭ. ಮಣ್ಣು ಪೂರ್ತಿ ಕೊಡವಿ, ಬರಿ ಬೇರಿನಲ್ಲೇ ಒಣ ಕಾಗದದಲ್ಲಿ ಸುತ್ತಿ ಒಯ್ಯಬಹುದು. ಅದರ ದಪ್ಪ ಬುಡವೇ ನೀರಿನ ಗಡಿಗೆ. ಉಳಿದ ಕುಂಡಗಳನ್ನು ಕೆಳಗಿನ ಮನೆಯ ಅಮ್ಮನಿಗೂ ಪಕ್ಕದ ಶಾಲೆಗೂ ಕೊಟ್ಟೆವು.

ಕರಿಬೇವನ್ನು ಮಾತ್ರ ಗಿಡವಾಗಿಯೇ ಒಯ್ಯಬೇಕಿತ್ತು. ಅದರ ಕಡ್ಡಿ ಸುಲಭಕ್ಕೆ ಬೇರು ಬಿಡುವುದಿಲ್ಲ. ನಮ್ಮದು ಅತ್ತೆಯವರು ಬೀಜ ಹಾಕಿ ಬೆಳೆಸಿದ ಐದಡಿಯ ಗಿಡ, ಹಳೆಯ ಮಣ್ಣಿನ ಕುಂಡದಲ್ಲಿತ್ತು. ಮಣ್ಣಿನ ಕುಂಡ ದಾರಿಯಲ್ಲಿ ಒಡೆದರೆ ಬೇರಿನ ಗತಿ ಮುಗಿದಂತೆ. ಹಾಗೆಂದು ಹೊರಡುವ ಹಿಂದಿನ ದಿನ ಕುಂಡ ಬದಲಿಸಿದರೆ, ಬೇರು ಹೊಸ ಮಣ್ಣನ್ನು ಹಿಡಿಯುವ ಮೊದಲೇ ಕುಲುಕಾಟ ಶುರುವಾಗುತ್ತದೆ. ನಾಲ್ಕು ವಾರ ಮೊದಲೇ ಕುಂಡವನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಒಡೆದು, ಹೆಂಟೆಯನ್ನು ಹಾಗೆಯೇ ಎತ್ತಿ, ಹಿಡಿಕೆಯಿರುವ ಗ್ರೋ ಬ್ಯಾಗಿಗೆ ಇಳಿಸಿ ಸುತ್ತಲಿನ ಸಂದಿಗೆ ಕೊಕೊಪೀಟ್ ಬೆರೆಸಿದ ಮಣ್ಣನ್ನು ಒತ್ತಿ ತುಂಬಿದೆವು.

ರೆಂಬೆ ಕತ್ತರಿಸುವ ಕೆಲಸವನ್ನು ಮಾತ್ರ ಹೊರಡಲು ಒಂದು ವಾರ ಇರುವವರೆಗೆ ಮುಂದೂಡಿದೆ. ನಾಲ್ಕು ವಾರ ಮೊದಲೇ ಸವರಿದ್ದರೆ ಹೊರಡುವ ಹೊತ್ತಿಗೆ ಸರಿಯಾಗಿ ಎಳೆ ಚಿಗುರು ತುಂಬಿರುತ್ತಿತ್ತು. ದಾರಿಯಲ್ಲಿ ಮೊದಲು ಬಾಡುವುದು, ಮುರಿಯುವುದು ಅದೇ. ಒಂದು ವಾರದಲ್ಲಿ ಗಾಯ ಒಣಗುತ್ತದೆ, ಚಿಗುರು ಇನ್ನೂ ಹೊರಟಿರುವುದಿಲ್ಲ. ಐದಡಿಯ ಗಿಡ ಮೂರಡಿಗೆ ಇಳಿಯಿತು. ಎಲೆ ಕಡಿಮೆಯಾದಷ್ಟೂ ಅದು ಹೊರಬಿಡುವ ನೀರೂ ಕಡಿಮೆ. ಕತ್ತರಿಸಿದ ಎಲೆಯಲ್ಲಿ ಚಟ್ನಿಪುಡಿಯಾಯಿತು. ಅದೇ ದಿನ ಎಲೆಗಳ ಅಡಿ, ಕಂಕುಳು ಎಲ್ಲ ನೋಡಿ ಮಲ್ಲಿಗೆಯ ಮೇಲಿದ್ದ ಹಿಟ್ಟುತಿಗಣೆಯನ್ನು ಒರೆಸಿ ತೆಗೆದೆ. ಮುಚ್ಚಿದ ಕಾರಿನಲ್ಲಿ ಒಂದರಿಂದ ಒಂಬತ್ತಕ್ಕೂ ಹತ್ತಲು ಅದಕ್ಕೆ ಎರಡು ದಿನ ಸಾಕು.

ಕೊನೆಯ ನೀರು ಹೊರಡುವ ಎರಡು ದಿನ ಮೊದಲು ಹಾಕಬೇಕು, ತಳದ ತೂತಿನಿಂದ ಹೊರಬರುವಷ್ಟು. ಮರುದಿನ ಬೇಡ. ಹೊರಡುವ ಮುಂಜಾನೆ ಮಣ್ಣನ್ನು ಒಂದು ಹಿಡಿ ತೆಗೆದು ಅಮುಕಿ ನೋಡಿ. ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು. ಜಿನುಗಿದರೆ ಕೆಸರು, ಉಂಡೆಯೇ ಆಗದೆ ಉದುರಿದರೆ ತೀರಾ ಒಣಗಿದೆ, ಅದೂ ಕುಲುಕಿಗೆ ಪುಡಿಯಾಗುತ್ತದೆ. ಆಮೇಲೆ ಮಣ್ಣಿನ ಮೇಲೆ ತೆಂಗಿನ ನಾರು ಹರಡಿ, ಅದರ ಮೇಲೆ ಗೋಣಿಯ ತುಂಡು ಹಾಸಿ, ಕಾಂಡದ ಎರಡೂ ಬದಿಯಿಂದ ಸುತಲಿ ದಾರ ಎಳೆದು ಕುಂಡದ ಅಂಚಿಗೆ ಬಿಗಿದು ಕಟ್ಟಿದೆ. ಕುಂಡ ಮಗುಚಿದರೂ ಮಣ್ಣು ಚೆಲ್ಲಬಾರದು. ಇಡೀ ಕೆಲಸದಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಇದನ್ನು ಮಾಡಿ ಎನ್ನುತ್ತೇನೆ. ರೆಂಬೆಗಳನ್ನು ಮೇಲಕ್ಕೆ ಒಟ್ಟುಮಾಡಿ ಹಳೆಯ ಹತ್ತಿ ಪಂಚೆಯಲ್ಲಿ ಸಡಿಲವಾಗಿ ಸುತ್ತಿದೆ. ಎಲೆಗೆ ಪ್ಲಾಸ್ಟಿಕ್ ಸುತ್ತಬೇಡಿ, ಒಳಗೆ ಬೆವರಿ ಕೊಳೆಯುತ್ತವೆ. ಆರಿಂಚಿನ ಕುಂಡಗಳು ತರಕಾರಿ ಸಾಗಿಸುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ಆರು ಕೂತವು. ಸಂದಿಗೆಲ್ಲ ಮುದುಡಿದ ಕಾಗದ ತುರುಕಿದೆ.

ಬೆಂಗಳೂರಿಂದ ಪುಣೆಗೆ ಸುಮಾರು 840 ಕಿ.ಮೀ. ನಸುಕಿನ ನಾಲ್ಕಕ್ಕೆ ಹೊರಟು, ಅರ್ಧ ದಾರಿಯ ಹುಬ್ಬಳ್ಳಿಯಲ್ಲಿ ನೆಂಟರ ಮನೆಯಲ್ಲಿ ಉಳಿದೆವು. ಚಿತ್ರದುರ್ಗದ ಹತ್ತಿರ ತಿಂಡಿಗೆ ನಿಂತಾಗ ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಕಾರಿನ ಬಳಿಯೇ ಇದ್ದೆವು, ಬಾಗಿಲು ತೆರೆದು, ಹುಣಸೆ ಮರದ ನೆರಳಲ್ಲಿ. ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅರ್ಧ ಗಂಟೆಯಲ್ಲೇ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಓಡುವಾಗ ಕಿಟಕಿ ಪೂರ್ತಿ ಇಳಿಸುವುದೂ ತಪ್ಪು, ಆ ಗಾಳಿ ಎಲೆಯನ್ನು ಒಣಗಿಸುತ್ತದೆ. ದಾವಣಗೆರೆಯಲ್ಲಿ ಕೊಂಡ ಬಾಳೆಹಣ್ಣನ್ನು ಹಿಂದೆ ಗಿಡಗಳ ಜೊತೆ ಇಡದೆ ಮುಂದೆ ಕಾಲ ಬಳಿ ಇಟ್ಟುಕೊಂಡೆವು. ಹಣ್ಣಾಗುವಾಗ ಅದು ಬಿಡುವ ಎಥಿಲೀನ್ ಅನಿಲ ಮುಚ್ಚಿದ ಜಾಗದಲ್ಲಿ ಎಲೆ, ಮೊಗ್ಗು ಉದುರುವಂತೆ ಮಾಡುತ್ತದೆ.

ರೈಲಿನಲ್ಲಿ ಹೋಗುವವರಿಗೆ ಜಾಗದ್ದೇ ಚಿಂತೆ. ಸ್ಲೀಪರ್ ಮತ್ತು ತ್ರೀ ಟಯರ್ ಎ.ಸಿ.ಯಲ್ಲಿ ಒಬ್ಬರಿಗೆ ಉಚಿತವಾಗಿ 40 ಕೆ.ಜಿ. ಸಾಮಾನಿಗೆ ಅವಕಾಶವಿದೆ. ಆದರೆ ಕೆಳಗಿನ ಬರ್ತಿನ ಅಡಿಯ ಜಾಗ ಒಂದು ಮೊಳದಷ್ಟೂ ಎತ್ತರವಿಲ್ಲ. ಕುಂಡ ಸೇರಿ ಒಂದಡಿಗಿಂತ ಗಿಡ್ಡವಾದ ಗಿಡಗಳನ್ನಷ್ಟೇ, ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿದ ಗಟ್ಟಿ ಚೀಲದಲ್ಲಿ ನಿಲ್ಲಿಸಿ ಒಯ್ಯಿರಿ. ಅದಕ್ಕಿಂತ ದೊಡ್ಡದನ್ನು ಪಾರ್ಸೆಲ್ ಡಬ್ಬಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಕತ್ತಲೆ, ಮೇಲೆ ಯಾರ ಮೂಟೆ ಬೀಳುತ್ತದೋ ತಿಳಿಯದು.

ಪುಣೆಯಲ್ಲಿ ಕುಂಡಗಳನ್ನು ಇಳಿಸಿದೊಡನೆ ಬಾಲ್ಕನಿಯ ಬಿಸಿಲಿಗೆ ಇಡುವ ಆಸೆಯಾಯಿತು. ಇಡಲಿಲ್ಲ. ಎರಡು ದಿನ ಬಟ್ಟೆಯೊಳಗಿದ್ದ ಎಲೆಗೆ ಒಮ್ಮೆಲೇ ಬಿಸಿಲು ತಾಗಿದರೆ ಬಿಳಿಚಿ ಸುಡುತ್ತದೆ. ಅದರಲ್ಲೂ ಪುಣೆಯ ಏಪ್ರಿಲ್ ಮಧ್ಯಾಹ್ನ ಬೆಂಗಳೂರಿಗಿಂತ ಬಿಸಿ, ಗಾಳಿಯೂ ಒಣ. ಮೊದಲ ವಾರ ಪಡಸಾಲೆಯ ಬೆಳಕಿನಲ್ಲಿ, ಆಮೇಲೆ ದಿನಕ್ಕೊಂದು ಗಂಟೆ ಬೆಳಗಿನ ಬಿಸಿಲು, ಹೀಗೆ ಮೂರು ವಾರ.

ಐದನೇ ದಿನದಿಂದ ಕರಿಬೇವು ಎಲೆ ಉದುರಿಸತೊಡಗಿ, ಹನ್ನೆರಡನೇ ದಿನಕ್ಕೆ ಬರಿ ಕಡ್ಡಿಯಾಗಿ ನಿಂತಿತು. ಮನೆಯಾಕೆ ದಿನಾ ಒಂದು ಚೊಂಬು ನೀರು ಹಾಕಲು ಹೊರಟಳು. ಗಿಡ ಕೈ ತಪ್ಪುವುದು ಇಲ್ಲಿಯೇ. ಎಲೆಯಿಲ್ಲದ ಗಿಡ ಹೆಚ್ಚು ನೀರು ಕುಡಿಯಲಾರದು. ಹಾಕಿದ್ದೆಲ್ಲ ಮಣ್ಣಿನಲ್ಲೇ ನಿಂತು ಗಾಯಗೊಂಡ ಬೇರನ್ನು ಕೊಳೆಸುತ್ತದೆ. ಬೆರಳಿನ ಎರಡು ಗೆಣ್ಣು ಆಳದವರೆಗೆ ಒಣಗಿದ್ದರೆ ಮಾತ್ರ ನೀರು ಎಂದು ನಿಯಮ ಮಾಡಿಕೊಂಡೆವು. ಗಿಡ ಬದುಕಿದೆಯೇ ಎಂದು ತಿಳಿಯಲು ಕಾಂಡದ ತೊಗಟೆಯನ್ನು ಉಗುರಿನಿಂದ ಕೂದಲೆಳೆಯಷ್ಟು ಗೀರಿದೆ. ತುದಿಯಲ್ಲಿ ಕಂದು, ಒಣಗಿದ್ದು. ಒಂದು ಗೇಣು ಕೆಳಗೆ ಗೀರಿದಾಗ ಹಸಿರು, ತೇವ. ಒಣಗಿದಷ್ಟನ್ನು ಕತ್ತರಿಸಿ ಸುಮ್ಮನಾದೆವು.

ಇಪ್ಪತ್ಮೂರನೇ ದಿನ ಬೆಳಿಗ್ಗೆ, ಉದುರಿದ ಎಲೆಯ ಗುರುತಿನ ಮೇಲ್ಗಡೆ ಸಾಸಿವೆಕಾಳಿನಷ್ಟು ಹಸಿರು ಕಂಡಿತು. ಗೊಬ್ಬರ ಕೊಡಲು ಇನ್ನೂ ಒಂದು ತಿಂಗಳು ಕಾದೆವು. ಒಗ್ಗರಣೆಗೆ ಮೊದಲ ಎಸಳು ಕಿತ್ತದ್ದು ಆಗಸ್ಟ್‌ನಲ್ಲಿ.