ಮೈನಸ್ 3.4 ಮೈನಸ್ 1 ಆದ ಬಗೆ

ನಿಪ್ಪಾಣಿ ಸೀಮೆ ತಂಬಾಕಿಗೆ ಹೆಸರಾದದ್ದು. ಬೀಡಿ ಕಟ್ಟುವ ಕೆಲಸ ಇಲ್ಲಿ ಹೆಚ್ಚಾಗಿ ಹೆಂಗಸರದು, ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಬೋರಗಾಂವದ ನಮ್ಮ ಅಣ್ಣನ ಮಗಳು ಸಮಾಜಶಾಸ್ತ್ರದ ಎಂ.ಎ. ಓದುತ್ತಾಳೆ. ಅಸೈನ್‌ಮೆಂಟಿಗೆ ಅವಳು ಆರಿಸಿಕೊಂಡ ಪ್ರಶ್ನೆಯೂ ಇದೇ: ತಾಯಿ ಬೀಡಿ ಕಟ್ಟುವ ಮನೆಯಲ್ಲಿ ಮಗಳು ಎಷ್ಟು ವರ್ಷ ಓದುತ್ತಾಳೆ? ಅಂಕಿಗಳು ಮಾತ್ರ ಅಭ್ಯಾಸಕ್ಕೆಂದು ಕಟ್ಟಿದವು, ಯಾವ ಸಮೀಕ್ಷೆಯವೂ ಅಲ್ಲ. ನೂರು ಮನೆ, ಅದರಲ್ಲಿ ಐವತ್ತು ಬೀಡಿಯವು.

ಮೊದಲ ಸಲ ಬೀಡಿ ಒಂದನ್ನೇ ಹಾಕಿ ರಿಗ್ರೆಶನ್ ಓಡಿಸಿದಾಗ bidi ಎದುರಿಗೆ −3.4 ಬಂತು. ತಾಯಿ ಶಾಲೆಗೆ ಹೋದವಳೇ ಎಂಬುದನ್ನೂ (tayi_shale) ಸೇರಿಸಿ ಮತ್ತೆ ಓಡಿಸಿದಾಗ ಬಂದದ್ದು ಇದು:

```
            B      Std. Error   t       Sig.
(Constant)  9.00   0.49         18.37   .000
bidi       -1.00   0.50         -2.00   .048
tayi_shale  4.00   0.50          8.00   .000
```

"ಕಾಕಾ, ಮೂರೂವರಿ ಇದ್ದದ್ದು ಒಂದಕ್ಕ ಇಳೀತು. ಯಾವುದು ಖರೆ?" ಎಂದು ಕೇಳಿದಳು.

ಎರಡೂ ಖರೆಯೇ, ಆದರೆ ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಪೆನ್ಸಿಲ್ ಹಿಡಿದು ನೂರು ಮನೆಗಳನ್ನು ನಾಲ್ಕು ಗುಂಪು ಮಾಡಿದೆವು. ಬೀಡಿಯ ಐವತ್ತು ಮನೆಗಳಲ್ಲಿ ನಲವತ್ತರ ತಾಯಂದಿರು ಶಾಲೆಯ ಮುಖ ಕಂಡವರಲ್ಲ, ಹತ್ತು ಮಂದಿ ಓದಿದವರು. ಉಳಿದ ಐವತ್ತರಲ್ಲಿ ಇದು ತಿರುವುಮುರುವು: ಓದಿದವರು ನಲವತ್ತು, ಓದದವರು ಹತ್ತು. ಓದದ ತಾಯಂದಿರ ಮಕ್ಕಳಲ್ಲಿ ಬೀಡಿ ಮನೆಯವರು ಸರಾಸರಿ 8 ವರ್ಷ, ಇತರರು 9 ವರ್ಷ ಓದಿದ್ದಾರೆ. ಓದಿದ ತಾಯಂದಿರ ಮಕ್ಕಳಲ್ಲಿ 12 ಮತ್ತು 13. ಹೇಗೆ ನೋಡಿದರೂ ಅಂತರ ಒಂದೇ ವರ್ಷ.

ಹಾಗಾದರೆ 3.4 ಎಲ್ಲಿಂದ ಬಂತು? ತಾಯಿಯ ಓದನ್ನು ಮರೆತು ಎಲ್ಲರನ್ನೂ ಕಲೆಸಿದರೆ ಬೀಡಿ ಮನೆಗಳ ಸರಾಸರಿ 8.8, ಉಳಿದವುಗಳದು 12.2. ಓದದ ತಾಯಂದಿರು ಬೀಡಿಯ ಕಡೆ ಗುಂಪುಗೂಡಿದ್ದರಿಂದ ಅವರ ಓದಿನ ಕೊರತೆಯೂ ಬೀಡಿಯ ಖಾತೆಗೆ ಜಮೆಯಾಗಿತ್ತು. ಕಂಟ್ರೋಲ್ ಮಾಡುವುದೆಂದರೆ ಓದಿದವರನ್ನು ಓದಿದವರೊಡನೆ, ಓದದವರನ್ನು ಓದದವರೊಡನೆ ಹೋಲಿಸುವುದು, ಇಷ್ಟೇ. ಯಾರ ಬದುಕನ್ನೂ ಯಾರೂ ಹಿಡಿದು ನಿಲ್ಲಿಸಿರುವುದಿಲ್ಲ. Constant ಸಾಲಿನ 9 ಎಂದರೆ ಎರಡೂ ಸೊನ್ನೆಯಾದ ಮನೆ: ಬೀಡಿ ಇಲ್ಲ, ತಾಯಿಗೆ ಓದೂ ಇಲ್ಲ. ಅದರಲ್ಲಿ ಒಂದು ಕಳೆದು, ನಾಲ್ಕು ಕೂಡಿಸಿದರೆ ಬೀಡಿ ಕಟ್ಟುವ, ಓದಿದ ತಾಯಿಯ ಮನೆಯ 12 ಬರುತ್ತದೆ.

ಈ ಹೋಲಿಕೆ ನಿಂತಿರುವುದು ವಾಡಿಕೆಗೆ ಎದುರಾಗಿರುವ ಆ ಇಪ್ಪತ್ತು ಮನೆಗಳ ಮೇಲೆ. ಬೀಡಿಯವರೆಲ್ಲ ಓದದವರೂ ಉಳಿದವರೆಲ್ಲ ಓದಿದವರೂ ಆಗಿದ್ದರೆ ಎರಡನ್ನೂ ಬೇರ್ಪಡಿಸಲು ಯಾವ ಸಾಫ್ಟ್‌ವೇರಿಗೂ ಆಗದು, SPSS ಎರಡರಲ್ಲಿ ಒಂದನ್ನು ಕೈಬಿಡುತ್ತದೆ. ಅಂಥ ಮನೆಗಳು ಕಡಿಮೆಯಾದಷ್ಟೂ Std. Error ಉಬ್ಬುತ್ತದೆ. ಇಲ್ಲಿ ಅದು 0.50. ಸಹಗುಣಕದ ಎರಡೂ ಬದಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು ಹೋದರೆ 95 ಪ್ರತಿಶತ ವಿಶ್ವಾಸದ ವ್ಯಾಪ್ತಿ ಸಿಗುತ್ತದೆ: −1.99ರಿಂದ −0.01. ಎರಡು ವರ್ಷದಷ್ಟೂ ಇರಬಹುದು, ಬಹುತೇಕ ಏನೂ ಇಲ್ಲದಷ್ಟೂ ಇರಬಹುದು.

ಹುಡುಗಿ .048 ನೋಡಿ "95 ಪ್ರತಿಶತ ನಿಜ" ಎಂದು ಬರೆದಿದ್ದಳು, ಹೊಡೆದು ಹಾಕಿಸಿದೆ. ತಾಯಿಯ ಓದು ಸಮನಿದ್ದಲ್ಲಿ ಊರಿನಲ್ಲಿ ನಿಜಕ್ಕೂ ಅಂತರವೇ ಇಲ್ಲವೆಂದುಕೊಳ್ಳೋಣ. ಆಗಲೂ ಆರಿಸಿದ ನೂರು ಮನೆಗಳಲ್ಲಿ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಅಕಸ್ಮಾತ್ ಕಾಣುವ ಸಂಭವ ನೂರಕ್ಕೆ ಸುಮಾರು ಐದು, ಆ ಅಂಕಿ ಹೇಳುವುದು ಅಷ್ಟನ್ನೇ. .000 ಎಂದರೂ ಸೊನ್ನೆಯಲ್ಲ, ಮೂರು ದಶಮಾಂಶಕ್ಕೆ ದುಂಡಾಗಿಸಿದಾಗ ಉಳಿಯದಷ್ಟು ಸಣ್ಣದು.

ಉತ್ಸಾಹದಲ್ಲಿ ಅವಳು ಮನೆಯ ಆದಾಯವನ್ನೂ ಸೇರಿಸಲು ಹೊರಟಳು. ತಡೆದೆ. ಬೀಡಿಯ ಕೂಲಿಯೇ ಆ ಆದಾಯದ ಒಂದು ಪಾಲು. ಬೀಡಿ ಕೆಲಸ ಮಗಳ ಓದನ್ನು ತಟ್ಟುವ ದಾರಿಗಳಲ್ಲಿ ಅದೂ ಒಂದಾಗಿರಬಹುದು. ಅದನ್ನು ಕಂಟ್ರೋಲ್ ಮಾಡಿದರೆ ಯಾವುದನ್ನು ಅಳೆಯಬೇಕೋ ಅದರ ಒಂದು ತುಂಡನ್ನೇ ಕತ್ತರಿಸಿ ಹಾಕಿದಂತೆ. ತಾಯಿ ಶಾಲೆಗೆ ಹೋಗುವುದು ಬೀಡಿಗೆ ಕೂರುವ ಮೊದಲಿನ ಮಾತು, ಅದು ಸೇರಬಹುದು. ಜಮೀನು, ಊರಿನಿಂದ ಹೈಸ್ಕೂಲಿನ ದೂರ, ಇವನ್ನು ಕೇಳಿಯೇ ಇಲ್ಲವಾದರೆ ಅವುಗಳ ಪಾಲು ಇನ್ನೂ ಆ −1ರೊಳಗೇ ಅಡಗಿರಬಹುದು.

ಸಮಾಜದ ಪ್ರಶ್ನೆಗೆ ಈ ತಂತ್ರವನ್ನು ಮೊದಮೊದಲು ಬಳಸಿದವನು ಉಡ್ನಿ ಯೂಲ್. 1899ರಲ್ಲಿ ಅವನು ಇಂಗ್ಲೆಂಡಿನ ಬಡವರಿಗೆ ಮನೆಯಲ್ಲೇ ಸಿಗುತ್ತಿದ್ದ ಸರ್ಕಾರಿ ನೆರವಿಗೂ ಬಡತನದ ಏರಿಳಿತಕ್ಕೂ ಇರುವ ನಂಟನ್ನು, ಮುದುಕರ ಪ್ರಮಾಣ ಮತ್ತು ಜನಸಂಖ್ಯೆಯ ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿದು ನೋಡಿದ. ಲೇಖನದ ಉದ್ದಕ್ಕೂ ಕಾರಣದ ಭಾಷೆ ಆಡಿ, ಒಂದು ಅಡಿಟಿಪ್ಪಣಿಯಲ್ಲಿ ಮಾತ್ರ, 'ಇದರಿಂದ ಆದದ್ದು' ಎಂದಲ್ಲೆಲ್ಲ 'ಇದರೊಡನೆ ಕಂಡದ್ದು' ಎಂದು ಓದಿಕೊಳ್ಳಬೇಕೆಂದು ಒಪ್ಪಿಕೊಂಡ.

ಇದನ್ನು ಕೇಳಿ ಅವಳು ನಕ್ಕಳು. "ಬೀಡಿ ಕಟ್ಟುವುದರಿಂದ ಓದು ಕುಂಠಿತವಾಗುತ್ತದೆ" ಎಂಬ ಸಾಲು ಹೊಡೆದು ಕೆಳಗೆ ಬರೆದಳು: "ತಾಯಿಯ ಓದು ಸಮನಿದ್ದಲ್ಲಿ, ಬೀಡಿ ಕಟ್ಟುವ ಮನೆಗಳ ಹೆಣ್ಣುಮಕ್ಕಳು ಸರಾಸರಿ ಒಂದು ವರ್ಷ ಕಡಿಮೆ ಓದಿರುವುದು ಕಂಡುಬಂದಿದೆ."