ಕನಿಷ್ಠ ಮೊತ್ತ ಕಟ್ಟುತ್ತಿದ್ದರೂ ಕಾರ್ಡಿನ ಬಾಕಿ ಯಾಕೆ ಕರಗುವುದಿಲ್ಲ?

ನಿಮ್ಮ ಕ್ರೆಡಿಟ್ ಕಾರ್ಡಿನ ಬಿಲ್ ತೆಗೆದು ನೋಡಿ. ಮೇಲ್ಭಾಗದಲ್ಲೇ ಎರಡು ಮೊತ್ತಗಳಿರುತ್ತವೆ. ಒಂದು ‘ಟೋಟಲ್ ಅಮೌಂಟ್ ಡ್ಯೂ’, ಅಂದರೆ ಕಟ್ಟಬೇಕಾದ ಪೂರ್ತಿ ಬಾಕಿ. ಇನ್ನೊಂದು ‘ಮಿನಿಮಮ್ ಅಮೌಂಟ್ ಡ್ಯೂ’, ಅಂದರೆ ಈ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ. ಬಾಕಿ 50,000 ರೂಪಾಯಿ ಇದ್ದರೆ ಕನಿಷ್ಠ ಮೊತ್ತ ಸುಮಾರು 2,500 ಎಂದಿರುತ್ತದೆ. ಕೈಯಲ್ಲಿ ಹಣವಿಲ್ಲದ ತಿಂಗಳು ಆ 2,500 ಕಣ್ಣಿಗೆ ಬಿದ್ದರೆ ಉಸಿರು ಬಂದಂತಾಗುತ್ತದೆ. ಅಷ್ಟು ಕಟ್ಟಿ ಸುಮ್ಮನಾಗುತ್ತೇವೆ. ತಪ್ಪು ಶುರುವಾಗುವುದು ಅಲ್ಲಿಂದಲೇ.

ಈ ಕನಿಷ್ಠ ಮೊತ್ತವನ್ನು ಹೇಗೆ ಲೆಕ್ಕ ಹಾಕುತ್ತಾರೆ? ಬಹುತೇಕ ಬ್ಯಾಂಕುಗಳು ಬಾಕಿಯ ಶೇಕಡಾ 5ರ ಆಸುಪಾಸನ್ನು ಹಿಡಿಯುತ್ತವೆ. ಕಾರ್ಡಿನ ಮೇಲೆ ಇಎಂಐ ಇದ್ದರೆ ಆ ತಿಂಗಳ ಕಂತು, ಹಿಂದಿನ ತಿಂಗಳು ತಪ್ಪಿದ ಕನಿಷ್ಠ ಮೊತ್ತ, ಶುಲ್ಕಗಳು ಇವೂ ಅದಕ್ಕೆ ಸೇರುತ್ತವೆ. ಅದನ್ನು ಕಟ್ಟಿದರೆ ನಿಮಗೆ ಸಿಗುವ ಲಾಭ ಇಷ್ಟೇ: ತಡ ಪಾವತಿಯ ದಂಡ ಬೀಳುವುದಿಲ್ಲ, ಕಂತು ತಪ್ಪಿಸಿದವರು ಎಂದು ಸಿಬಿಲ್ ವರದಿಯಲ್ಲಿ ದಾಖಲಾಗುವುದಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ‘ಕನಿಷ್ಠ ಕಟ್ಟಿದೆನಲ್ಲ, ಮತ್ತೆ ಬಡ್ಡಿ ಯಾಕೆ?’ ಎಂದು ಕೇಳುವವರು ಬಹಳ. ಕಟ್ಟದೆ ಉಳಿಸಿದ 47,500 ಸಾಲವೇ ತಾನೆ? ಬಡ್ಡಿ ಅದರ ಮೇಲೆ.

ಆ ಬಡ್ಡಿ ಎಷ್ಟು? ನಮ್ಮ ದೇಶದ ಕಾರ್ಡುಗಳಲ್ಲಿ ತಿಂಗಳಿಗೆ ಶೇಕಡಾ 3.5ರಿಂದ 3.75 ಸಾಮಾನ್ಯ. ಮೂರೂವರೆ ಎಂದಾಗ ಕಡಿಮೆ ಅನ್ನಿಸುತ್ತದೆ. ಅದು ತಿಂಗಳ ಲೆಕ್ಕ ಎಂಬುದನ್ನು ನೆನಪಿಡಿ. ವರ್ಷಕ್ಕೆ ಹಾಕಿದರೆ ಶೇಕಡಾ 42. ಬ್ಯಾಂಕಿನ ಗೃಹ ಸಾಲದ ದರದ ನಾಲ್ಕೈದು ಪಟ್ಟು. ಇದರ ಮೇಲೆ ಇನ್ನೊಂದು ಹೊರೆ ಇದೆ. ಗೃಹ ಸಾಲದ ಬಡ್ಡಿಗಾಗಲಿ, ವೈಯಕ್ತಿಕ ಸಾಲದ ಬಡ್ಡಿಗಾಗಲಿ ಜಿಎಸ್‌ಟಿ ಇಲ್ಲ. ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಶೇಕಡಾ 18 ಜಿಎಸ್‌ಟಿ ಇದೆ. ಹೀಗಾಗಿ 3.5 ಎನ್ನುವುದು ನಿಮ್ಮ ಜೇಬಿನಿಂದ ಹೋಗುವಾಗ 4.13 ಆಗಿರುತ್ತದೆ. ಇದಕ್ಕೆ ಮೇಲ್ಮಿತಿ ಇಲ್ಲವೇ ಎಂದರೆ, ಇಲ್ಲ. ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಆ ಆದೇಶವನ್ನು ರದ್ದು ಮಾಡಿತು.

ಈಗ ಒಂದು ಲೆಕ್ಕ ಹಾಕೋಣ. ದೀಪಾವಳಿ ಮಾರಾಟದಲ್ಲಿ ಫ್ರಿಜ್ಜು, ವಾಷಿಂಗ್ ಮೆಷಿನ್ ಎರಡೂ ಸೇರಿ 50,000 ರೂಪಾಯಿಗೆ ಕಾರ್ಡು ಉಜ್ಜಿದ್ದೀರಿ ಎಂದುಕೊಳ್ಳಿ. ಬಿಲ್ ಬಂತು. ನೀವು ಶೇಕಡಾ 5, ಅಂದರೆ 2,500 ಕಟ್ಟಿದಿರಿ. ಉಳಿದದ್ದು 47,500. ಅದಕ್ಕೆ ತಿಂಗಳ ಬಡ್ಡಿ 1,662 ರೂಪಾಯಿ 50 ಪೈಸೆ. ಆ ಬಡ್ಡಿಗೆ ಜಿಎಸ್‌ಟಿ 299 ರೂಪಾಯಿ 25 ಪೈಸೆ. ಎರಡನ್ನೂ ಸೇರಿಸಿದರೆ ಮುಂದಿನ ಬಿಲ್ಲಿನ ಬಾಕಿ 49,461 ರೂಪಾಯಿ 75 ಪೈಸೆ. ನೀವು ಕೊಟ್ಟದ್ದು 2,500, ಸಾಲ ಇಳಿದದ್ದು 538. ಉಳಿದ 1,962 ಬಡ್ಡಿಗೂ ತೆರಿಗೆಗೂ ಹೋಯಿತು. ನಿಜವಾದ ಮೊದಲ ಬಿಲ್ಲಿನಲ್ಲಿ ಬಡ್ಡಿಯನ್ನು ಖರೀದಿಯ ದಿನದಿಂದಲೇ ಎಣಿಸುವುದರಿಂದ ಅದು ಇನ್ನೂ ಸ್ವಲ್ಪ ಹೆಚ್ಚೇ ಇರುತ್ತದೆ. ಲೆಕ್ಕ ಸುಲಭವಾಗಲೆಂದು ಅದನ್ನು ಬಿಟ್ಟಿದ್ದೇನೆ.

ಇದೇ ರೀತಿ ಒಂದು ವರ್ಷ ಕಟ್ಟುತ್ತಾ ಹೋಗಿ. ಕಾರ್ಡನ್ನು ಮತ್ತೆ ಮುಟ್ಟಿಯೇ ಇಲ್ಲ ಎಂದಿಟ್ಟುಕೊಳ್ಳೋಣ. ಹನ್ನೆರಡು ತಿಂಗಳಲ್ಲಿ ನೀವು ಕಟ್ಟಿದ್ದು ಸುಮಾರು 28,300 ರೂಪಾಯಿ. ಬಾಕಿ ಇನ್ನೂ 43,900 ಇರುತ್ತದೆ. ಸಾಲ ಅರ್ಧಕ್ಕೆ, ಅಂದರೆ 25,000ಕ್ಕೆ ಇಳಿಯಲು 64 ತಿಂಗಳು ಬೇಕು. ಐದು ವರ್ಷ ನಾಲ್ಕು ತಿಂಗಳು! ಅಷ್ಟು ಹೊತ್ತಿಗೆ ನೀವು 1,16,000 ರೂಪಾಯಿ ಕಟ್ಟಿರುತ್ತೀರಿ. ಫ್ರಿಜ್ಜಿನ ವಾರಂಟಿ ಮುಗಿದು ಎಷ್ಟೋ ಕಾಲವಾಗಿರುತ್ತದೆ.

ಇಷ್ಟು ನಿಧಾನ ಯಾಕೆ? ಬಡ್ಡಿ ಹೆಚ್ಚು ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಅಷ್ಟು ಸುಲಭಕ್ಕೆ ಗಮನಕ್ಕೆ ಬರುವುದಿಲ್ಲ. ಕನಿಷ್ಠ ಮೊತ್ತ ಬಾಕಿಯ ಶೇಕಡಾವಾರು ಲೆಕ್ಕ. ಬಾಕಿ ಸ್ವಲ್ಪ ಇಳಿದಂತೆ ಅದೂ ಇಳಿಯುತ್ತದೆ. ಮೊದಲ ತಿಂಗಳು 2,500, ಎರಡನೆಯ ತಿಂಗಳು 2,473, ವರ್ಷ ತುಂಬುವ ಹೊತ್ತಿಗೆ 2,200ರ ಹತ್ತಿರ. ಬಿಲ್ ಕೇಳಿದಷ್ಟನ್ನೇ ಕೊಡುವವರು ತಮಗೆ ಗೊತ್ತಿಲ್ಲದೆಯೇ ತಿಂಗಳು ತಿಂಗಳಿಗೆ ಕಡಿಮೆ ಕಟ್ಟುತ್ತಾ ಹೋಗುತ್ತಾರೆ. ಬದಲಿಗೆ ಮೊದಲ ತಿಂಗಳ 2,500ನ್ನೇ ಗಟ್ಟಿಯಾಗಿ ಹಿಡಿದು, ಬಿಲ್ ಎಷ್ಟೇ ಕೇಳಲಿ, ಪ್ರತಿ ತಿಂಗಳೂ ಅಷ್ಟೇ ಕಟ್ಟಿದರೆ ಇದೇ ಸಾಲ 39 ತಿಂಗಳಲ್ಲಿ ಪೂರ್ತಿ ತೀರುತ್ತದೆ. 5,000 ಕಟ್ಟಿದರೆ 13 ತಿಂಗಳು ಸಾಕು. ಬಡ್ಡಿ, ತೆರಿಗೆ ಎರಡೂ ಸೇರಿ 12,500ರ ಒಳಗೆ ಮುಗಿಯುತ್ತದೆ.

‘ನನ್ನ ಬಾಕಿ ನಿಧಾನವಾಗಿಯೂ ಇಳಿಯುತ್ತಿಲ್ಲ, ಏರುತ್ತಲೇ ಇದೆಯಲ್ಲ’ ಎಂದು ನೀವು ಹೇಳಬಹುದು. ಹೌದು, ಹೆಚ್ಚಿನವರ ಅನುಭವ ಅದೇ. ಕಾರಣ, ಮೇಲಿನ ಲೆಕ್ಕದಲ್ಲಿ ಕಾರ್ಡನ್ನು ಮತ್ತೆ ಮುಟ್ಟಿಲ್ಲ. ನಿಜ ಜೀವನದಲ್ಲಿ ಪೆಟ್ರೋಲು, ದಿನಸಿ, ಮೊಬೈಲ್ ರೀಚಾರ್ಜು ಅದರಲ್ಲೇ ನಡೆಯುತ್ತಿರುತ್ತವೆ.

ಇಲ್ಲಿ ಕಾರ್ಡಿನ ಒಂದು ನಿಯಮವನ್ನು ತಿಳಿದಿರಬೇಕು. ಪೂರ್ತಿ ಬಾಕಿ ಕಟ್ಟುವವರಿಗೆ ಕಾರ್ಡು ಬಡ್ಡಿಯಿಲ್ಲದ ಅವಧಿ ಕೊಡುತ್ತದೆ. ನಿಮ್ಮ ಬಿಲ್ 20ನೇ ತಾರೀಕಿಗೆ ತಯಾರಾಗಿ, ಕಟ್ಟಲು ಕೊನೆಯ ದಿನ ಮುಂದಿನ ತಿಂಗಳ 10 ಎಂದಿಟ್ಟುಕೊಳ್ಳಿ. 5ನೇ ತಾರೀಕು ಕೊಂಡ ಸಾಮಾನಿಗೆ ಆಗ ಒಂದು ತಿಂಗಳಿಗೂ ಹೆಚ್ಚು ದಿನ ಬಡ್ಡಿ ಇಲ್ಲ. ಆದರೆ ಒಮ್ಮೆ ಬಾಕಿ ಉಳಿಸಿದಿರೋ, ಈ ಸೌಲಭ್ಯ ಹೊಸ ಖರೀದಿಗೂ ನಿಂತುಹೋಗುತ್ತದೆ. 22ನೇ ತಾರೀಕು ತಂದ ಅಕ್ಕಿ ಬೇಳೆಗೆ 22ರಿಂದಲೇ ಬಡ್ಡಿ. ಕಾರ್ಡಿನಲ್ಲಿ ಕೊಂಡರೆ ಒಂದು ತಿಂಗಳು ಬಡ್ಡಿ ಇಲ್ಲ ಎಂಬ ನಂಬಿಕೆಯಲ್ಲೇ ಜನ ಉಜ್ಜುತ್ತಿರುತ್ತಾರೆ. ಬಾಕಿ ಇರುವವರಿಗೆ ಅದು ಸುಳ್ಳು.

ಅದೇ 50,000 ಬಾಕಿಯ ಮೇಲೆ ತಿಂಗಳಿಗೆ 3,000 ರೂಪಾಯಿ ಹೊಸ ಖರ್ಚು ಸೇರಿಸಿ, ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ವರ್ಷ ಕಳೆಯಿರಿ. ಹೊಸ ಖರ್ಚು ಒಟ್ಟು 36,000. ನೀವು ಕಟ್ಟಿದ್ದು ಸುಮಾರು 38,000, ಅಂದರೆ ಖರ್ಚಿಗಿಂತ ಹೆಚ್ಚೇ ಕಟ್ಟಿದ್ದೀರಿ. ಆದರೂ ಬಾಕಿ 50,000ದಿಂದ 78,500ಕ್ಕೆ ಏರಿರುತ್ತದೆ. ನಡುವೆ 30,000ಕ್ಕೂ ಮೀರಿ ಬಡ್ಡಿ, ತೆರಿಗೆ ಸೇರಿಕೊಂಡಿದೆ. ಕಾರ್ಡಿನ ಮಿತಿ ಒಂದು ಲಕ್ಷ ಇದ್ದರೆ ಎರಡು ವರ್ಷ ತುಂಬುವ ಮೊದಲೇ ಅದು ಭರ್ತಿಯಾಗುತ್ತದೆ. ಒಂದೂ ಕಂತು ತಪ್ಪಿಸದ, ಪ್ರಾಮಾಣಿಕವಾಗಿ ಕಟ್ಟುತ್ತಲೇ ಬಂದ ಮನುಷ್ಯನಿಗೆ ಹೀಗಾಗುತ್ತದೆ ಎಂಬುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ.

ರಿಸರ್ವ್ ಬ್ಯಾಂಕ್ ಇದನ್ನು ಗಮನಿಸಿಲ್ಲವೇ? ಗಮನಿಸಿದೆ. 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಕಾರ್ಡು ನಿರ್ದೇಶನಗಳಲ್ಲಿ, ಕನಿಷ್ಠ ಮೊತ್ತ ಕಟ್ಟಿದ ಮೇಲೂ ಸಾಲ ಬೆಳೆಯುವಂತಿರಬಾರದು ಎಂದು ಹೇಳಿದೆ. ಕಟ್ಟದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಅವುಗಳ ಮೇಲೂ ಬಡ್ಡಿ ಹಾಕಬಾರದು ಎಂದಿದೆ. ಬರೀ ಕನಿಷ್ಠ ಮೊತ್ತ ಕಟ್ಟಿದರೆ ಸಾಲ ತೀರಲು ವರ್ಷಗಳೇ ಹಿಡಿಯಬಹುದು ಎಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲೇ ಅಚ್ಚು ಹಾಕಬೇಕೆಂದೂ ಇದೆ. ನಿಮ್ಮ ಬಿಲ್ಲಿನಲ್ಲಿ ಹುಡುಕಿ, ಸಿಗುತ್ತದೆ. ಹಳೆಯ ಬಾಕಿ ತಾನಾಗಿ ಉಬ್ಬುವುದನ್ನು ಈ ನಿಯಮ ತಡೆಯುತ್ತದೆ. ಹೊಸ ಖರ್ಚು ಸೇರಿ ಉಬ್ಬುವುದನ್ನು ತಡೆಯುವುದಿಲ್ಲ, ತೀರುವ ವೇಗವನ್ನೂ ಹೆಚ್ಚಿಸುವುದಿಲ್ಲ. ಖರ್ಚೇ ಮಾಡದ ತಿಂಗಳಲ್ಲಿ, ಕನಿಷ್ಠ ಮೊತ್ತ ಸಮಯಕ್ಕೆ ಕಟ್ಟಿದ ಮೇಲೂ ಬಾಕಿ ಏರಿದ್ದರೆ ಬ್ಯಾಂಕಿಗೆ ಬರೆದು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ.

ಈಗಾಗಲೇ ಸಿಕ್ಕಿಕೊಂಡವರು ಹೊರಬರುವುದು ಹೇಗೆ? ಮೊದಲು ಆ ಕಾರ್ಡಿನಲ್ಲಿ ಹೊಸ ಖರ್ಚು ನಿಲ್ಲಿಸಿ. ದಿನಸಿಯನ್ನು ನಗದಿನಲ್ಲೋ ಯುಪಿಐನಲ್ಲೋ ಉಳಿತಾಯ ಖಾತೆಯಿಂದ ಕೊಳ್ಳಿ. ಆಮೇಲೆ ಬ್ಯಾಂಕಿನ ಆ್ಯಪ್ ತೆರೆದು ಆಟೋ ಡೆಬಿಟ್ ನೋಡಿ. ತಾನಾಗಿ ಹಣ ಕಡಿತವಾಗುವ ಈ ವ್ಯವಸ್ಥೆಯಲ್ಲಿ ಪೂರ್ತಿ ಬಾಕಿ ಅಥವಾ ಕನಿಷ್ಠ ಮೊತ್ತ ಎಂಬ ಎರಡು ಆಯ್ಕೆಗಳಿರುತ್ತವೆ. ಕನಿಷ್ಠಕ್ಕೆ ಗುರುತು ಹಾಕಿ ಮರೆತವರು ಎಷ್ಟೋ ಜನ. ‘ಹಣ ಕಡಿತವಾಗಿದೆ’ ಎಂಬ ಸಂದೇಶ ಬಂದಾಗ ಬಿಲ್ ತೀರಿತು ಎಂದುಕೊಂಡಿರುತ್ತಾರೆ.

ನಂತರ ಈ ದುಬಾರಿ ಸಾಲವನ್ನು ಅಗ್ಗದ ಸಾಲಕ್ಕೆ ಬದಲಿಸಿಕೊಳ್ಳಿ. ಸಾಲ ತೀರಿಸಲು ಸಾಲವೇ ಎಂದು ಹಿಂಜರಿಯಬೇಡಿ, ಲೆಕ್ಕ ನೋಡಿ. ವರ್ಷಕ್ಕೆ ಶೇಕಡಾ 16ರ ವೈಯಕ್ತಿಕ ಸಾಲ ಸಿಕ್ಕಿತು ಎಂದುಕೊಳ್ಳೋಣ. 50,000 ರೂಪಾಯಿಗೆ ಎರಡು ವರ್ಷದ ಕಂತು ಸುಮಾರು 2,450. ನೀವು ಈಗ ಕಟ್ಟುತ್ತಿರುವ ಕನಿಷ್ಠ ಮೊತ್ತಕ್ಕಿಂತ ತುಸು ಕಡಿಮೆಯೇ! ಆದರೆ 24ನೇ ಕಂತಿಗೆ ಸಾಲ ಸೊನ್ನೆ, ಒಟ್ಟು ಕಟ್ಟಿದ್ದು 58,800ರ ಹತ್ತಿರ. ಪ್ರೊಸೆಸಿಂಗ್ ಫೀ ಎಂಬ ಆರಂಭದ ಶುಲ್ಕ ಬೇರೆ ಇರುತ್ತದೆ, ಕೇಳಿಕೊಳ್ಳಿ. ಮನೆಯಲ್ಲಿ ಚಿನ್ನವಿದ್ದರೆ ಬ್ಯಾಂಕಿನ ಚಿನ್ನದ ಸಾಲ ಇನ್ನೂ ಅಗ್ಗ. ಕಾರ್ಡಿನ ಬ್ಯಾಂಕೇ ಬಾಕಿಯನ್ನು ಇಎಂಐ ಮಾಡಿಕೊಡುತ್ತದೆ. ಅದರ ದರ ಕಾರ್ಡಿನ ಬಡ್ಡಿಗಿಂತ ಕಡಿಮೆ ಇರುತ್ತದೆಯಾದರೂ ಬಡ್ಡಿಗೆ ಜಿಎಸ್‌ಟಿ ಉಂಟು. ಹೊರಗಿನ ಸಾಲಕ್ಕೆ ಹೋಲಿಸಿಯೇ ಒಪ್ಪಿಕೊಳ್ಳಿ.

ಇನ್ನೊಂದು ಮಾತು. ಪೂರ್ತಿ ಬಾಕಿ ಕಟ್ಟಿದ ಮೇಲೂ ಮುಂದಿನ ಬಿಲ್ಲಿನಲ್ಲಿ ಕೆಲವು ನೂರು ರೂಪಾಯಿ ಬಂದರೆ ಗಾಬರಿಯಾಗಬೇಡಿ. ಅದು ಬಿಲ್ ತಯಾರಾದ ದಿನದಿಂದ ನೀವು ಹಣ ಕಟ್ಟಿದ ದಿನದವರೆಗಿನ ಬಡ್ಡಿ. ಹೇಗೂ ತೀರಿತಲ್ಲ ಎಂದು ಅದನ್ನು ಬಿಟ್ಟುಬಿಟ್ಟರೆ ತಡ ಪಾವತಿಯ ದಂಡ ಬೀಳಬಹುದು, ಬಡ್ಡಿಯಿಲ್ಲದ ಅವಧಿಯೂ ಮರಳುವುದಿಲ್ಲ. ಆ ಚಿಲ್ಲರೆಯನ್ನೂ ಕಟ್ಟಿ, ಅದರ ಮುಂದಿನ ಬಿಲ್ಲಿನಲ್ಲಿ ಬಾಕಿ ಸೊನ್ನೆ ಎಂದಿರುವುದನ್ನು ಕಣ್ಣಾರೆ ನೋಡಿಕೊಳ್ಳಿ.