ಟೂರ್ ರದ್ದು ಮಾಡಿದ್ದು ಅವರು, ದುಡ್ಡು ಕಳೆದುಕೊಳ್ಳಬೇಕಾದವರು ನೀವಲ್ಲ

ಹೊರಡಲು ಇನ್ನೊಂದೇ ವಾರ ಇದೆ ಎನ್ನುವಾಗ ಟೂರ್ ಕಂಪನಿಯಿಂದ ಫೋನ್ ಬರುತ್ತದೆ. ‘ಸರ್, ಈ ಬ್ಯಾಚಿಗೆ ಜನ ಸೇರಲಿಲ್ಲ, ಟೂರ್ ಕ್ಯಾನ್ಸಲ್ ಆಗಿದೆ. ಕ್ಯಾನ್ಸಲ್ ಮಾಡಿ ಅಂತ ನೀವೊಂದು ಮೇಲ್ ಕಳಿಸಿಬಿಡಿ, ರಿಫಂಡಿಗೆ ಹಾಕ್ತೀವಿ.’ ಕೇಳಲು ಸರಳವಾಗಿರುವ ಈ ಮಾತಿನಲ್ಲೇ ದೊಡ್ಡ ಅಪಾಯವಿದೆ. ಆ ಮೇಲ್ ಹೋದ ಮರುಕ್ಷಣ ದಾಖಲೆಯಲ್ಲಿ ಪ್ರವಾಸ ರದ್ದು ಮಾಡಿದವರು ನೀವಾಗುತ್ತೀರಿ. ಆಮೇಲೆ ಅವರು ಬುಕಿಂಗ್ ಫಾರಮ್ಮಿನ ಹಿಂಬದಿಯ ಪಟ್ಟಿ ತೋರಿಸುತ್ತಾರೆ: ಹೊರಡುವುದಕ್ಕೆ ಇಷ್ಟು ದಿನ ಮೊದಲು ರದ್ದಾದರೆ ಇಷ್ಟು ಕಡಿತ, ಕೊನೆಯ ವಾರದಲ್ಲಾದರೆ ಏನೂ ಇಲ್ಲ.

ಆ ಪಟ್ಟಿ ಗ್ರಾಹಕ ಹಿಂದೆ ಸರಿದಾಗ ಅನ್ವಯಿಸುವಂಥದ್ದು. ಕಂಪನಿಯೇ ಹಿಂದೆ ಸರಿದಾಗ ಅದರ ಆಧಾರದ ಮೇಲೆ ಕಡಿತ ಮಾಡಿಕೊಳ್ಳಲು ಕಾರಣವೇ ಇಲ್ಲ. ಹಣ ಪಡೆದು ಸೇವೆ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವಾ ನ್ಯೂನತೆ ಎನ್ನುತ್ತದೆ. ಆದ್ದರಿಂದ ಫೋನಿನಲ್ಲಿ ಬಂದ ಸುದ್ದಿಯನ್ನು ಅದೇ ದಿನ ಬರಹಕ್ಕಿಳಿಸಿ: ‘ಇಂದು ಬೆಳಿಗ್ಗೆ ನಿಮ್ಮ ಕಚೇರಿಯವರು ಕರೆ ಮಾಡಿ, ಜನ ಸೇರದ ಕಾರಣ ನೀವು ಪ್ರವಾಸ ರದ್ದು ಮಾಡಿರುವುದಾಗಿ ತಿಳಿಸಿದಿರಿ. ನಾವು ರದ್ದು ಮಾಡಿಲ್ಲ, ಬರಲು ಸಿದ್ಧರಿದ್ದೇವೆ. ಕಟ್ಟಿದ ಪೂರ್ತಿ ಹಣವನ್ನು ಹಿಂದಿರುಗಿಸಿ.’ ಕಂಪನಿಯ ಅಧಿಕೃತ ಮೇಲ್ ವಿಳಾಸಕ್ಕೆ ಹೋದ ಈ ನಾಲ್ಕು ಸಾಲು ಮುಂದೆ ನಿಮ್ಮ ಮುಖ್ಯ ಸಾಕ್ಷ್ಯ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಕಟ್ಟಿದ ಹಣ ವಾಪಸ್ ಬರಬೇಕೇ ಎಂಬುದು ಒಂದು. ಅದರ ಮೇಲೆ ಪರಿಹಾರ ಸಿಗಬೇಕೇ ಎಂಬುದು ಇನ್ನೊಂದು. ಹಣ ಹಿಂದಿರುಗಿಸಲು ಕಂಪನಿಯ ತಪ್ಪು ಸಾಬೀತಾಗಬೇಕೆಂದಿಲ್ಲ. ಭೂಕುಸಿತದಿಂದಲೋ ಸರ್ಕಾರದ ನಿರ್ಬಂಧದಿಂದಲೋ ಪ್ರವಾಸ ಅಸಾಧ್ಯವಾಯಿತು ಎಂದುಕೊಳ್ಳೋಣ. ಒಪ್ಪಂದ ಅನೂರ್ಜಿತವಾದಾಗ ಅದರಡಿ ಪಡೆದದ್ದನ್ನು ಹಿಂದಿರುಗಿಸಬೇಕು ಎನ್ನುತ್ತದೆ 1872ರ ಕರಾರು ಕಾಯ್ದೆಯ 65ನೇ ಕಲಂ. ಇಂಥ ಸಂದರ್ಭಕ್ಕೆಂದೇ ಕರಾರಿನಲ್ಲಿ ಷರತ್ತಿದ್ದರೆ ಅದನ್ನೂ ಪರಿಶೀಲಿಸುತ್ತಾರೆ. ಹೋಟೆಲಿಗೆ ಕಟ್ಟಿದ್ದು ಬರಲಿಲ್ಲ ಎಂದು ಕಂಪನಿ ಹೇಳಿದರೆ ಅದರ ರಸೀದಿ ಕೇಳಿ. ಪರಿಹಾರದ ವಿಷಯ ಮಾತ್ರ ಬೇರೆ. ನಿಜವಾದ ಪ್ರಕೃತಿ ವಿಕೋಪದಲ್ಲಿ ಅದು ಸಿಗುವುದು ಕಷ್ಟ. ಜನ ಸೇರಲಿಲ್ಲ, ಹೋಟೆಲ್ ಸಿಗಲಿಲ್ಲ, ದರ ಹೆಚ್ಚಾಯಿತು ಎಂಬಂಥ ಕಾರಣಗಳು ಕಂಪನಿಯ ವ್ಯವಹಾರದ ಲೆಕ್ಕಾಚಾರ, ವಿಕೋಪವಲ್ಲ. ಕನಿಷ್ಠ ಇಷ್ಟು ಜನ ಬೇಕು ಎಂಬ ಷರತ್ತು ಫಾರಮ್ಮಿನಲ್ಲಿದ್ದರೂ, ಅದನ್ನು ಮೊದಲೇ ತಿಳಿಸಿದ್ದರೇ, ರದ್ದಾದ ಸುದ್ದಿಯನ್ನು ಸಾಕಷ್ಟು ಮುಂಚೆ ಹೇಳಿದರೇ ಎಂಬ ಪ್ರಶ್ನೆ ಉಳಿಯುತ್ತದೆ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. ದಾವಣಗೆರೆಯ ದಂಪತಿ ಮುಂಬೈ ಮೂಲದ ಕಂಪನಿಯೊಂದರ ಕಾಶ್ಮೀರ ಪ್ರವಾಸಕ್ಕೆ ಊರಿನ ಏಜೆಂಟರ ಮೂಲಕ ಹಣ ಕಟ್ಟಿದ್ದಾರೆ. ತಲಾ 42,000 ರೂಪಾಯಿ, ಶೇ. 5ರ ಜಿಎಸ್‌ಟಿ ಸೇರಿ ಒಟ್ಟು 88,200. ಶ್ರೀನಗರದವರೆಗಿನ ವಿಮಾನ ಪ್ಯಾಕೇಜಿನಲ್ಲಿ ಇರಲಿಲ್ಲ. ಕಂಪನಿಯವರೇ ಟೂರ್ ಖಚಿತ, ಟಿಕೆಟ್ ಮಾಡಿಸಿಕೊಳ್ಳಿ ಎಂದು ವಾಟ್ಸ್‌ಆ್ಯಪಿನಲ್ಲಿ ಬರೆದ ಮೇಲೆ 28,000ಕ್ಕೆ ಟಿಕೆಟ್ ಕೊಂಡರು. ಆರು ದಿನ ಇರುವಾಗ ಟೂರ್ ರದ್ದಾಯಿತು. ಅವರು ಅಂದೇ ಟಿಕೆಟ್ ರದ್ದು ಮಾಡಿಸಿದ್ದರಿಂದ ವಿಮಾನ ಕಂಪನಿಯಿಂದ 9,500 ಬಂತು, 18,500 ನಷ್ಟ ಉಳಿಯಿತು.

ಅವರ ಬೇಡಿಕೆ ಹೀಗಿರುತ್ತದೆ. ಮೊದಲು 88,200, ಅದೂ ಜಿಎಸ್‌ಟಿ ಸಮೇತ, ಕಟ್ಟಿದ ದಿನದಿಂದ ಬಡ್ಡಿ ಸೇರಿಸಿ. ಎರಡನೆಯದು ಟಿಕೆಟಿನ ನಷ್ಟ 18,500. ಇವೆರಡೇ 1,06,700 ಆಯಿತು. ಮೂರನೆಯದು ಮಾನಸಿಕ ಯಾತನೆಗೆ ಮತ್ತು ವ್ಯಾಜ್ಯದ ಖರ್ಚಿಗೆ ಹಿತಮಿತವಾದ ಮೊತ್ತ. ಟಿಕೆಟಿನ ನಷ್ಟ ನಿಲ್ಲುವುದು ಆ ವಾಟ್ಸ್‌ಆ್ಯಪ್ ಸಂದೇಶದ ಬಲದಿಂದ: ಪ್ರವಾಸಿಗರು ಟಿಕೆಟ್ ಕೊಳ್ಳುತ್ತಾರೆಂದು ಕಂಪನಿಗೆ ಗೊತ್ತಿತ್ತು ಎಂಬುದನ್ನು ಅದು ತೋರಿಸುತ್ತದೆ. ಟಿಕೆಟನ್ನು ಅವತ್ತೇ ರದ್ದು ಮಾಡಿಸಿದ್ದೂ ಮುಖ್ಯ. ತಡೆಯಬಹುದಾಗಿದ್ದ ನಷ್ಟವನ್ನು ಬೆಳೆಯಲು ಬಿಟ್ಟವರಿಗೆ ಆ ಪಾಲು ಸಿಗುವುದಿಲ್ಲ. ಬಿಲ್ಲಿಲ್ಲದೆ ಯಾತನೆಯ ಲೆಕ್ಕದಲ್ಲಿ ಲಕ್ಷಗಟ್ಟಲೆ ಕೇಳಿದರೆ ಆಯೋಗ ಅದನ್ನು ಕತ್ತರಿಸಿಬಿಡುತ್ತದೆ.

ಈ ಹಂತದಲ್ಲಿ ಕಂಪನಿ ಕ್ರೆಡಿಟ್ ನೋಟ್ ಮುಂದಿಡುತ್ತದೆ: ವರ್ಷದೊಳಗೆ ಬೇರೆ ಟೂರಿಗೆ ಬನ್ನಿ, ಹಣ ಅದಕ್ಕೆ ಜಮಾ. ಇಷ್ಟವಿದ್ದರೆ ಒಪ್ಪಬಹುದು. ಒಪ್ಪಲೇಬೇಕೆಂದಿಲ್ಲ, ಆದರೆ ಒಮ್ಮೆ ‘ಓಕೆ’ ಎಂದರೆ ಹಣ ಕೇಳುವ ನಿಮ್ಮ ಹಕ್ಕು ದುರ್ಬಲವಾಗುತ್ತದೆ. ಬೇಡವಾದರೆ ಬೇಡವೆಂದು ಬರೆದು ತಿಳಿಸಿ. ಭಾಗಶಃ ಹಣ ಖಾತೆಗೆ ಬಿದ್ದರೆ, ಬಾಕಿಯ ಹಕ್ಕು ಕಾಯ್ದಿರಿಸಿ ಸ್ವೀಕರಿಸಿದ್ದೇನೆ ಎಂದು ಕೂಡಲೇ ಉತ್ತರಿಸಿ. ಪೂರ್ಣ ಮತ್ತು ಅಂತಿಮ ಎಂದಿರುವ ವೋಚರಿಗೆ ಸಹಿ ಹಾಕಬೇಡಿ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ಸೇವೆ ಸಿಗಲಿಲ್ಲವೆಂದು ಬ್ಯಾಂಕಿಗೂ ತಕರಾರು ಕೊಡಿ. ಅದಕ್ಕೆ ಗಡುವಿರುವುದರಿಂದ ತಡಮಾಡಬಾರದು.

ಹದಿನೈದು ದಿನದ ಗಡುವು ಕೊಟ್ಟು ಏಜೆಂಟರಿಗೂ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ. ಸಹಾಯವಾಣಿ ಕಂಪನಿಯ ಜೊತೆ ಮಾತಾಡಿ ರಾಜಿಗೆ ಯತ್ನಿಸುತ್ತದೆ. ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ.

ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ‘ವ್ಯಾಜ್ಯಗಳು ಮುಂಬೈ ನ್ಯಾಯಾಲಯಕ್ಕೆ ಒಳಪಟ್ಟಿವೆ’ ಎಂಬ ಸಾಲು ರಸೀದಿಯಲ್ಲಿದ್ದರೂ ದಾವಣಗೆರೆಯವರು ಮುಂಬೈಗೆ ಅಲೆಯಬೇಕಿಲ್ಲ. ದೂರುದಾರರು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಲು 34ನೇ ಕಲಂ ಅವಕಾಶ ಕೊಟ್ಟಿದೆ. ಕಟ್ಟಿದ ಹಣ 50 ಲಕ್ಷದೊಳಗಿದ್ದರೆ ಪ್ರಕರಣ ಜಿಲ್ಲಾ ಆಯೋಗದ್ದೇ. 5 ಲಕ್ಷದವರೆಗೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಏಜೆಂಟರನ್ನೂ ಕಂಪನಿಯನ್ನೂ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಇಲ್ಲವಾದರೆ ವಿಚಾರಣೆಯಲ್ಲಿ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿ ಪಾರಾಗಲು ನೋಡುತ್ತಾರೆ. ಬುಕಿಂಗ್ ಫಾರಮ್, ಹಣ ಕಟ್ಟಿದ ಪುರಾವೆ, ಪ್ರವಾಸದ ವಿವರಪಟ್ಟಿ, ರದ್ದಾದ ಸಂದೇಶ, ನಿಮ್ಮ ಮೇಲ್, ನೋಟಿಸ್, ಟಿಕೆಟ್ ನಷ್ಟದ ಬಿಲ್ಲುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಪ್ರಮಾಣಪತ್ರದೊಂದಿಗೆ ಕೊಡಬೇಕು. ಎದುರುದಾರರಿಗೆ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ಅದಕ್ಕಿಂತ ಹೆಚ್ಚು ಅವಕಾಶ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ.

ತೀರ್ಪು ಬರಲು ಕಾಯ್ದೆ ಹೇಳುವ ಕೆಲವೇ ತಿಂಗಳುಗಳಿಗಿಂತ ಹೆಚ್ಚು ಕಾಲ ಹಿಡಿಯುವುದುಂಟು. ಆದೇಶವಾದ ಮೇಲೂ ಕಂಪನಿ ಹಣ ಕೊಡದಿದ್ದರೆ ಜಾರಿಗಾಗಿ ಅದೇ ಆಯೋಗಕ್ಕೆ ಅರ್ಜಿ ಹಾಕಬೇಕು. ಆದೇಶ ಪಾಲಿಸದವರಿಗೆ 72ನೇ ಕಲಂ ಅಡಿ ಜೈಲು ಶಿಕ್ಷೆಗೂ ಅವಕಾಶವಿದೆ. ಬಾಗಿಲು ಮುಚ್ಚಿ ಹೋದ ಕಂಪನಿಯಿಂದ ಮಾತ್ರ ವಸೂಲಿ ಕಷ್ಟ, ಹಾಗಾಗಿ ಸುಮ್ಮನೆ ಕಾಯುವುದು ಒಳ್ಳೆಯದಲ್ಲ. ದೂರು ಕೊಡಲು ಕಾಯ್ದೆ ಎರಡು ವರ್ಷ ಕೊಟ್ಟಿದೆ. ‘ಮುಂದಿನ ವಾರ ಹಾಕ್ತೀವಿ’ ಎಂಬ ಫೋನಿನ ಭರವಸೆಗಳಿಂದ ಆ ಗಡುವು ಮುಂದೆ ಹೋಗುವುದಿಲ್ಲ.